ಹಬ್ಬದ ಸ್ಪೆಷಲ್ ರೈಲು: ನಂಬರ್ ಬೇರೆ, ದರ ಬೇರೆ, ಬುಕಿಂಗೂ ಬೇರೆ

ಪ್ರಶ್ನೆ: ಕೆಲಸ ಬೆಂಗಳೂರಿನಲ್ಲಿ, ಊರು ದಾವಣಗೆರೆ. ದೀಪಾವಳಿಗೆ ಹೋಗಬೇಕು. ರಾಣಿ ಚೆನ್ನಮ್ಮದಲ್ಲಿ ಸ್ಲೀಪರ್ ವೇಟಿಂಗ್ 90 ದಾಟಿದೆ. ನಿನ್ನೆ ರಾತ್ರಿ ನೋಡಿದರೆ 06ರಿಂದ ಶುರುವಾಗುವ ನಂಬರಿನ ರೈಲೊಂದು ಇದ್ದಕ್ಕಿದ್ದಂತೆ ಪಟ್ಟಿಯಲ್ಲಿ ಬಂದಿದೆ, ಸೀಟೂ ಇದೆ. ಆದರೆ ಸ್ಲೀಪರ್‌ಗೆ ಹತ್ತಿರ ಹತ್ತಿರ 400 ರೂಪಾಯಿ! ಮಾಮೂಲಿ ರೈಲಿಗೆ ಇನ್ನೂರ ಚಿಲ್ಲರೆ ಅಷ್ಟೇ. ಇಷ್ಟು ದಿನ ಈ ರೈಲು ಯಾಕೆ ಕಾಣಲಿಲ್ಲ? ಈ ದರ ಸರಿಯೇ? ಇದನ್ನೇ ತಗೊಳ್ಳಲಾ, ತತ್ಕಾಲ್‌ಗೆ ಕಾಯಲಾ?

ಉತ್ತರ: ದರ ಸರಿಯಾಗೇ ಇದೆ, ವೆಬ್‌ಸೈಟ್ ತಪ್ಪು ತೋರಿಸುತ್ತಿಲ್ಲ. ಆದರೆ ನಿಮ್ಮ ಹೊಟ್ಟೆಯುರಿಯೂ ಸರಿಯಾಗೇ ಇದೆ. ಯಾಕೆಂದರೆ ಸ್ಪೆಷಲ್ ರೈಲಿನ ದರದ ಲೆಕ್ಕದಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ನಿಮ್ಮಂಥವರೇ, ಮುನ್ನೂರು ನಾನೂರು ಕಿಲೋಮೀಟರ್ ಹೋಗುವವರು. ದಾನಾಪುರಕ್ಕೋ ಹೌರಾಕ್ಕೋ ಹೋಗುವವರಿಗೆ ಇಷ್ಟು ಉರಿಯುವುದಿಲ್ಲ. ನಾನು ರಿಸರ್ವೇಶನ್ ಕೌಂಟರಿನ ಆಚೆ ಬದಿಯಲ್ಲಿ ಬಹಳ ವರ್ಷ ಕೂತವನು. ಹಬ್ಬದ ವಾರದಲ್ಲಿ ಈ ಪ್ರಶ್ನೆಯನ್ನು ಗಾಜಿನ ಕಿಂಡಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಿಂದೆ ಕ್ಯೂ ಬೆಳೆದಿರುತ್ತಿತ್ತು, ವಿವರಿಸಿ ಹೇಳಲು ಪುರುಸೊತ್ತು ಇರುತ್ತಿರಲಿಲ್ಲ. ಈಗ ಇದೆ, ಹೇಳುತ್ತೇನೆ.

ಮೊದಲು ನಂಬರ್. ನಮ್ಮ ರೈಲುಗಳಿಗೆ ಐದಂಕಿಯ ನಂಬರ್ ಬಂದಿದ್ದು 2010ರ ಡಿಸೆಂಬರ್‌ನಲ್ಲಿ. ಅದರ ಮೊದಲ ಅಂಕಿಯೇ ರೈಲಿನ ಜಾತಿ ಹೇಳುತ್ತದೆ. ದೂರದ ಮಾಮೂಲಿ ಎಕ್ಸ್‌ಪ್ರೆಸ್‌ಗಳು 1 ಅಥವಾ 2ರಿಂದ ಶುರು. ರಾಣಿ ಚೆನ್ನಮ್ಮ 16589 ಅಲ್ವಾ, ಹಾಗೆ. ಮೊದಲ ಅಂಕಿ 0 ಇದ್ದರೆ ಅದು ಸ್ಪೆಷಲ್, ಅಂದರೆ ಕಾಯಂ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಎರಡನೇ ಅಂಕಿ ಯಾವ ವಲಯದ ರೈಲು ಅನ್ನುವುದಕ್ಕೆ ಸುಳಿವು. ಬೆಂಗಳೂರು, ಮೈಸೂರು ಕಡೆಯಿಂದ ಬಿಡುವವು 06ರಿಂದ ಶುರುವಾಗುತ್ತವೆ, ಹುಬ್ಬಳ್ಳಿ ವಿಭಾಗದವು ಹೆಚ್ಚಾಗಿ 073ರಿಂದ. ಹೆಸರಿನ ಕೊನೆಯಲ್ಲಿ `SPL` ಅಂತಲೂ ಬರೆದಿರುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಸೊನ್ನೆ ಕಂಡರೆ ಸಾಕು ದುಬಾರಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕೋವಿಡ್ ಹೊತ್ತಿನಲ್ಲಿ ದೇಶದ ರೈಲುಗಳೆಲ್ಲ ಸೊನ್ನೆ ಹಾಕಿಕೊಂಡು ಸ್ಪೆಷಲ್ ಆಗಿ ಓಡಿದವು, 2021ರ ನವೆಂಬರ್‌ನಲ್ಲಿ ಮತ್ತೆ ಹಳೆ ನಂಬರಿಗೆ ಮರಳಿದವು. ಮಾಮೂಲಿ ದರದಲ್ಲೇ ಓಡುವ ಸ್ಪೆಷಲ್‌ಗಳೂ ಇರುತ್ತವೆ. ಸೊನ್ನೆ ಅಂದರೆ ಕಾಯಂ ರೈಲು ಅಲ್ಲ ಅಂತ, ಅಷ್ಟೇ. ದರ ಜಾಸ್ತಿಯೋ ಇಲ್ಲವೋ ಅನ್ನುವುದನ್ನು ಆ ರೈಲು ಬಿಡುವಾಗ ಬೇರೆಯಾಗಿ ತೀರ್ಮಾನ ಮಾಡುತ್ತಾರೆ. ದಸರಾ, ದೀಪಾವಳಿ, ಸಂಕ್ರಾಂತಿಗೆ ಬಿಡುವ ರಿಸರ್ವೇಶನ್ ರೈಲುಗಳು ಹೆಚ್ಚಾಗಿ ವಿಶೇಷ ದರದವೇ. ನಿಮಗೆ ಕಂಡಿದ್ದು ಅಂಥದ್ದು.

ಈಗ ದುಡ್ಡಿನ ವಿಷಯ.

ವಿಶೇಷ ದರ ಅಂದರೆ ಮೂಲ ದರದ ಮೇಲೆ ಒಂದು ಹೆಚ್ಚುವರಿ. ಕೂತು ಹೋಗುವ ಸೆಕೆಂಡ್ ಕ್ಲಾಸ್‌ಗೆ ಮೂಲ ದರದ ಶೇ 10, ಸ್ಲೀಪರ್ ಮತ್ತು ಎಸಿ ದರ್ಜೆಗಳಿಗೆ ಶೇ 30. ಇಷ್ಟೇ ಆಗಿದ್ದರೆ ನಿಮಗೆ ಅರವತ್ತು ರೂಪಾಯಿ ಜಾಸ್ತಿ ಆಗುತ್ತಿತ್ತು, ನೀವು ಪತ್ರ ಬರೆಯುತ್ತಲೂ ಇರಲಿಲ್ಲ. ಇದರ ಜೊತೆ ಇನ್ನೆರಡು ಕೊಂಡಿಗಳಿವೆ. ಒಂದು, ಆ ಶೇ 30ಕ್ಕೆ ಕೆಳಗೊಂದು ಮಿತಿ, ಮೇಲೊಂದು ಮಿತಿ. ಸ್ಲೀಪರ್‌ಗೆ ಕನಿಷ್ಠ 90, ಗರಿಷ್ಠ 175 ರೂಪಾಯಿ. ತ್ರೀ ಟಯರ್ ಎಸಿಗೆ ಕನಿಷ್ಠ 250, ಗರಿಷ್ಠ 350. ಎರಡನೇ ಕೊಂಡಿ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಮ್ಮ ಜೇಬಿಗೆ ಕೈ ಹಾಕುವುದು ಅದೇ: ಕನಿಷ್ಠ ದೂರ. ಸ್ಲೀಪರ್, ತ್ರೀ ಟಯರ್, ಟೂ ಟಯರ್ ಟಿಕೆಟ್‌ಗಳಲ್ಲಿ ನೀವು ಎಷ್ಟೇ ಹತ್ತಿರ ಇಳಿದರೂ 500 ಕಿಲೋಮೀಟರಿನ ದರ ಹಾಕುತ್ತಾರೆ.

ನಿಮ್ಮದೇ ಟಿಕೆಟ್ ಬಿಡಿಸಿ ನೋಡೋಣ. ಬೆಂಗಳೂರಿನಿಂದ ದಾವಣಗೆರೆಗೆ ರೈಲಿನಲ್ಲಿ ಸುಮಾರು 326 ಕಿಲೋಮೀಟರ್. 2025ರ ಜುಲೈನಿಂದ ದರ ಒಂದಿಷ್ಟು ಏರಿದೆ, ಹಾಗಾಗಿ ನನ್ನ ಕೈಗೆ ಹತ್ತಿದ ಅದಕ್ಕಿಂತ ಹಿಂದಿನ ದರದಲ್ಲೇ ಲೆಕ್ಕ ಹೇಳುತ್ತೇನೆ, ಈಗ ಸ್ವಲ್ಪ ಆಚೀಚೆ ಆಗಬಹುದು, ಲೆಕ್ಕದ ರೀತಿ ಮಾತ್ರ ಅದೇ. ಮಾಮೂಲಿ ಎಕ್ಸ್‌ಪ್ರೆಸ್‌ನಲ್ಲಿ 326 ಕಿಲೋಮೀಟರಿಗೆ ಸ್ಲೀಪರ್ ಮೂಲ ದರ ಇನ್ನೂರರ ಹತ್ತಿರ. ಅದಕ್ಕೆ ರಿಸರ್ವೇಶನ್ ಶುಲ್ಕ 20 ಸೇರಿಸಿದರೆ ನೀವು ಹೇಳಿದ ಇನ್ನೂರ ಚಿಲ್ಲರೆ. ಸ್ಪೆಷಲ್‌ನಲ್ಲಿ ಶುರುವಿಗೇ 326 ಅನ್ನು ಪಕ್ಕಕ್ಕಿಟ್ಟು 500 ಅಂತ ಹಿಡಿಯುತ್ತಾರೆ. 500 ಕಿಲೋಮೀಟರಿಗೆ ಮೂಲ ದರ ಸುಮಾರು 275. ಅದರ ಶೇ 30 ಅಂದರೆ 82 ಚಿಲ್ಲರೆ. ಕನಿಷ್ಠ 90 ಅಂತ ಇದೆಯಲ್ಲ, ಆದ್ದರಿಂದ 90. ಮೇಲೆ ರಿಸರ್ವೇಶನ್ 20. ಒಟ್ಟು 385. ಈ 385 ಅನ್ನುವ ಸಂಖ್ಯೆ ಕೌಂಟರಿನವರಿಗೆಲ್ಲ ಬಾಯಿಪಾಠ ಆಗಿತ್ತು. ಅರಸೀಕೆರೆಗೆ ಕೇಳಿದರೂ 385, ದಾವಣಗೆರೆಗೂ 385, ಹುಬ್ಬಳ್ಳಿಗೂ 385. ತ್ರೀ ಟಯರ್ ಎಸಿಗೆ ಅದೇ ರೀತಿ 1050 ಅಂತ ಬರುತ್ತಿತ್ತು: 500 ಕಿಲೋಮೀಟರಿನ ಮೂಲ ದರ ಏಳುನೂರರ ಮೇಲೆ ಸ್ವಲ್ಪ, ಕನಿಷ್ಠ ಹೆಚ್ಚುವರಿ 250, ರಿಸರ್ವೇಶನ್ 40, ಇದರ ಮೇಲೆ ಶೇ 5 ಜಿಎಸ್‌ಟಿ.

ಹಾಗಾಗಿ ಜನ "ಶೇ 30 ಜಾಸ್ತಿಯಂತೆ" ಅಂತ ಹೇಳುವುದು ನಿಮ್ಮ ಊರಿನ ಮಟ್ಟಿಗೆ ಸುಳ್ಳು. ನಿಮಗೆ ಬೀಳುತ್ತಿರುವುದು ಶೇ 75ರ ಹತ್ತಿರ. ಅದೇ ಬೆಂಗಳೂರಿನಿಂದ ಛಠ್ ಹಬ್ಬಕ್ಕೆ ಬಿಹಾರದ ಕಡೆ ಹೋಗುವವನಿಗೆ ಮೂಲ ದರವೇ ಏಳೆಂಟು ನೂರು. ಅದರ ಶೇ 30 ಅಂದರೆ ಇನ್ನೂರು ದಾಟುತ್ತದೆ. ಆದರೆ 175ಕ್ಕೆ ಮೇಲ್ಮಿತಿ ತಡೆಯುತ್ತದೆ. ಎರಡು ಸಾವಿರ ಚಿಲ್ಲರೆ ಕಿಲೋಮೀಟರ್ ಹೋಗುವವನಿಗೆ ಶೇ 20ರ ಆಸುಪಾಸು ಜಾಸ್ತಿ, ಮುನ್ನೂರು ಕಿಲೋಮೀಟರ್ ಹೋಗುವ ನಿಮಗೆ ಶೇ 75. ಇದು ನ್ಯಾಯವಾ ಅಂತ ಕೇಳಿದರೆ, ನನಗಂತೂ ಅನ್ನಿಸುವುದಿಲ್ಲ. ದೂರದವರಿಗೆ ಬರ್ತ್ ಉಳಿಯಲಿ, ಹತ್ತಿರದವರು ಬಸ್ಸಿಗೆ ಹೋಗಲಿ ಅನ್ನುವುದು ಈ ಕನಿಷ್ಠ ದೂರದ ಹಿಂದಿನ ಯೋಚನೆ ಇರಬಹುದು. ಆದರೆ ಬೆಂಗಳೂರು–ಹುಬ್ಬಳ್ಳಿ ರೈಲೇ 469 ಕಿಲೋಮೀಟರ್ ಇರುವಾಗ, ಕೊನೆಯ ಸ್ಟೇಷನ್ನಿಗೆ ಹೋಗುವವನೂ 500ಕ್ಕೆ ದುಡ್ಡು ಕೊಡಬೇಕು ಅಂದರೆ ಅದೇನು ಲೆಕ್ಕ?

ಸರಿ, ಕೊಂಡಿ ಇದೆ ಅಂತ ಗೊತ್ತಾದ ಮೇಲೆ ಅದರಿಂದ ಒಂದು ಉಪಯೋಗವನ್ನೂ ಮಾಡಿಕೊಳ್ಳಬಹುದು. ದಾವಣಗೆರೆಗೂ ಹುಬ್ಬಳ್ಳಿಗೂ ಒಂದೇ ದರ ಅಂದಮೇಲೆ, ದಾವಣಗೆರೆಗೆ ವೇಟಿಂಗ್ ತೋರಿಸಿ ಹುಬ್ಬಳ್ಳಿಗೆ ಬರ್ತ್ ಖಾಲಿ ತೋರಿಸಿದರೆ ಹುಬ್ಬಳ್ಳಿಗೇ ಟಿಕೆಟ್ ತೆಗೆಯಿರಿ. ಮಧ್ಯದಲ್ಲಿ ಇಳಿಯುವುದು ತಪ್ಪಲ್ಲ, ಯಾರೂ ಕೇಳುವುದಿಲ್ಲ. ಮಾಮೂಲಿ ರೈಲಿನಲ್ಲಿ ಹೀಗೆ ಮಾಡಿದರೆ ಹೆಚ್ಚಿನ ದೂರಕ್ಕೆ ಹೆಚ್ಚಿನ ದುಡ್ಡು. ಸ್ಪೆಷಲ್‌ನಲ್ಲಿ 500 ಕಿಲೋಮೀಟರಿನ ಒಳಗೆ ಒಂದು ಪೈಸೆಯೂ ಜಾಸ್ತಿ ಇಲ್ಲ. ಹತ್ತುವ ಕಡೆ ಮಾತ್ರ ಹುಷಾರು. ಟಿಕೆಟ್ ಬೆಂಗಳೂರಿನಿಂದ ಇದ್ದು ನೀವು ತುಮಕೂರಿನಲ್ಲಿ ಹತ್ತುತ್ತೇನೆ ಅಂತಿದ್ದರೆ ಬೋರ್ಡಿಂಗ್ ಸ್ಟೇಷನ್ ಅನ್ನು ಮೊದಲೇ ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಟಿಟಿಇ ನಿಮ್ಮನ್ನು ಬಂದಿಲ್ಲ ಅಂತ ಬರೆದು ಬರ್ತನ್ನು ಆರ್‌ಎಸಿಯವರಿಗೆ ಕೊಟ್ಟುಬಿಡುತ್ತಾರೆ. ಹತ್ತುವುದರಲ್ಲಿ ಸಡಿಲ ಇಲ್ಲ, ಇಳಿಯುವುದರಲ್ಲಿ ಇದೆ.

ಇಷ್ಟು ದಿನ ಯಾಕೆ ಕಾಣಲಿಲ್ಲ ಅಂತ ಕೇಳಿದ್ದೀರಿ. ಯಾಕೆಂದರೆ ಇಷ್ಟು ದಿನ ಆ ರೈಲು ಇರಲೇ ಇಲ್ಲ. ಮಾಮೂಲಿ ರೈಲಿಗೆ ಹೊರಡುವ ದಿನ ಬಿಟ್ಟು 60 ದಿನ ಮೊದಲು ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. 2024ರ ನವೆಂಬರ್ 1ಕ್ಕಿಂತ ಮುಂಚೆ ಅದು 120 ದಿನ ಇತ್ತು. ಸ್ಪೆಷಲ್‌ಗೆ ಈ 60 ದಿನದ ಲೆಕ್ಕ ಇಲ್ಲ. ವಲಯದವರು ಕಾಯಂ ರೈಲುಗಳ ವೇಟಿಂಗ್ ಲಿಸ್ಟ್ ಎಷ್ಟು ಬೆಳೆಯಿತು ಅಂತ ನೋಡುತ್ತಾರೆ. ಆಮೇಲೆ ರೇಕ್ ಹುಡುಕಬೇಕು. ರೇಕ್ ಅಂದರೆ ಎಂಜಿನ್ ಬಿಟ್ಟು ಮಿಕ್ಕ ಬೋಗಿಗಳ ಪೂರ್ತಿ ಸರ. ಹಬ್ಬಕ್ಕೆ ಅಂತ ಎಲ್ಲೂ ರೇಕ್ ತೆಗೆದಿಟ್ಟು ಕಾಯುವುದಿಲ್ಲ. ವಾರಕ್ಕೊಮ್ಮೆ ಓಡುವ ಯಾವುದೋ ರೈಲಿನ ಬೋಗಿಗಳು ಎರಡು ದಿನ ಸುಮ್ನೆ ನಿಂತಿರುತ್ತವಲ್ಲ, ಅವನ್ನೂ ಅಲ್ಲಿ ಇಲ್ಲಿ ಇರುವ ಬಿಡಿ ಬೋಗಿಗಳನ್ನೂ ಸೇರಿಸಿ ಒಂದು ರೈಲು ಮಾಡುತ್ತಾರೆ. ಅದು ಓಡಲು ಹಳಿಯಲ್ಲಿ ಬಿಡುವು ಬೇಕು, ಹೊರಡಲು ಪ್ಲಾಟ್‌ಫಾರ್ಮ್ ಬೇಕು, ಬೇರೆ ವಲಯಕ್ಕೆ ಹೋಗುವುದಾದರೆ ಅವರೂ ಒಪ್ಪಬೇಕು. ಇಷ್ಟೆಲ್ಲ ಆದಮೇಲೆ ಪ್ರಕಟಣೆ. ಅದು ಹಬ್ಬಕ್ಕೆ ಮೂರು ವಾರ ಇರುವಾಗಲೂ ಬರಬಹುದು, ನಾಲ್ಕು ದಿನ ಇರುವಾಗಲೂ ಬರಬಹುದು. ಬುಕಿಂಗ್ ಯಾವತ್ತು ತೆರೆಯುತ್ತದೆ ಅಂತ ಕೆಲವು ಸಲ ಪ್ರಕಟಣೆಯಲ್ಲೇ ಇರುತ್ತದೆ. ಕೆಲವು ಸಲ ಕಂಪ್ಯೂಟರಿಗೆ ರೈಲು ಸೇರಿಸಿದ ಕೂಡಲೇ ಟಿಕೆಟ್ ಶುರುವಾಗಿಬಿಡುತ್ತದೆ, ಸುದ್ದಿ ಪೇಪರಿನಲ್ಲಿ ಮಾರನೇ ದಿನ ಬರುತ್ತದೆ. ನಿಮಗೆ ರಾತ್ರಿ ಇದ್ದಕ್ಕಿದ್ದಂತೆ ಕಂಡಿದ್ದು ಹೀಗೆ.

ಇದರಿಂದ ಬುಕಿಂಗ್ ಮಾಡುವ ರೀತಿಯೂ ಬೇರೆ ಆಗುತ್ತದೆ. ಮಾಮೂಲಿ ರೈಲಿಗೆ ಒಂದು ದಿನ, ಒಂದು ಗಂಟೆ ಗೊತ್ತಿರುತ್ತದೆ, ಆ ಹೊತ್ತಿಗೆ ಕೂತರೆ ಆಯಿತು. ಸ್ಪೆಷಲ್‌ಗೆ ಕಣ್ಣಿಟ್ಟು ಕಾಯಬೇಕು. ನೈಋತ್ಯ ರೈಲ್ವೆಯ ಎಕ್ಸ್ ಖಾತೆ ನೋಡುತ್ತಿರಿ, ಪ್ರಕಟಣೆ ಅಲ್ಲಿ ಹಾಕುತ್ತಾರೆ. ಅದಕ್ಕಿಂತ ಒಳ್ಳೆಯದು, ಎರಡು ದಿನಕ್ಕೊಮ್ಮೆ ಊರಿಂದ ಊರಿಗೆ ಅಂತ ಹುಡುಕುವುದು. ರೈಲಿನ ನಂಬರ್ ಹಾಕಿ ಹುಡುಕಬೇಡಿ, ಹೊಸದು ನಿಮಗೆ ಗೊತ್ತೇ ಇರುವುದಿಲ್ಲ. ಹುಡುಕುವಾಗ ಬೆಂಗಳೂರಿನ ಎಲ್ಲ ಸ್ಟೇಷನ್ನುಗಳನ್ನೂ ನೋಡಿ. ಮೆಜೆಸ್ಟಿಕ್ಕಿನ `SBC`ಯಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಸಿಗುವುದು ಕಷ್ಟ, ಆದ್ದರಿಂದ ಬಹಳಷ್ಟು ಸ್ಪೆಷಲ್‌ಗಳು ಯಶವಂತಪುರ `YPR` ಅಥವಾ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ `SMVB`ಯಿಂದ ಹೊರಡುತ್ತವೆ.

ಈ ಸ್ಟೇಷನ್ ವಿಷಯವನ್ನು ಹಗುರವಾಗಿ ತಗೊಳ್ಳಬೇಡಿ. ನಮ್ಮ ಅಕ್ಕನ ಮಗ, ಓದಿದವನೇ, ಒಂದು ಸಂಕ್ರಾಂತಿಗೆ ಸ್ಪೆಷಲ್ ಟಿಕೆಟ್ ಹಿಡಿದುಕೊಂಡು ರಾತ್ರಿ ಮೆಜೆಸ್ಟಿಕ್ಕಿಗೆ ಹೋಗಿ ನಿಂತಿದ್ದ. ಬೋರ್ಡಿನಲ್ಲಿ ರೈಲೇ ಇಲ್ಲ. ನನಗೆ ಫೋನ್. "ಮಾವ, ಟ್ರೇನ್ ಕ್ಯಾನ್ಸಲ್ ಆಗಿದೆ ಅನ್ಸುತ್ತೆ." ಟಿಕೆಟ್ ಫೋಟೋ ಕಳಿಸು ಅಂದೆ. ನೋಡಿದರೆ `SMVB` ಅಂತ ಬರೆದಿದೆ, ಹೊರಡಲು ಇಪ್ಪತ್ತು ನಿಮಿಷ ಉಳಿದಿದೆ. ಬೈಯಪ್ಪನಹಳ್ಳಿಗೆ ಹೋಗುವ ಮಾತೇ ಇಲ್ಲ. ಅಲ್ಲಿಂದ ಯಶವಂತಪುರಕ್ಕೆ ರೈಲು ಬರುತ್ತದೆ, ಅಲ್ಲಿ ಹತ್ತೋಣ ಅಂತ ಆಟೋ ಹಿಡಿಸಿದೆ. ಹತ್ತಿದ. ಟಿಟಿಇಗೆ ಫೋನಿನಲ್ಲಿ ನಾನೂ ಎರಡು ಮಾತು ಹೇಳಿದೆ, ಪುಣ್ಯಕ್ಕೆ ಬರ್ತ್ ಇನ್ನೂ ಕೊಟ್ಟಿರಲಿಲ್ಲ. ಅದೃಷ್ಟ ಅಷ್ಟೇ, ಹಕ್ಕಲ್ಲ.

ಇನ್ನೊಂದು ಇಂಥದ್ದೇ ಎಡವಟ್ಟು ತಾರೀಖಿನದು. ಸ್ಪೆಷಲ್‌ಗಳಿಗೆ ಸಿಗುವುದು ಕಾಯಂ ರೈಲುಗಳು ಬಿಟ್ಟ ಹೊತ್ತು, ಹಾಗಾಗಿ ಮಧ್ಯರಾತ್ರಿಯ ಆಸುಪಾಸಿನ ಸಮಯ ಬಹಳ. ರಾತ್ರಿ 00:15ಕ್ಕೆ ರೈಲು ಅಂದರೆ ಶುಕ್ರವಾರ ರಾತ್ರಿ ಊಟ ಮಾಡಿ ಹೊರಡುವವರಿಗೆ ಟಿಕೆಟ್ ಶನಿವಾರದ ತಾರೀಖಿನಲ್ಲಿ ಇರಬೇಕು. ಶನಿವಾರದ ಟಿಕೆಟ್ ಅಂತ ಶನಿವಾರ ರಾತ್ರಿ ಬಂದು, ರೈಲು ಹಿಂದಿನ ರಾತ್ರಿಯೇ ಹೋಗಿದೆ ಅಂತ ಕೇಳಿ ಕೌಂಟರಿನ ಮುಂದೆ ಕಣ್ಣು ತುಂಬಿಕೊಂಡವರನ್ನು ನೋಡಿದ್ದೇನೆ. ಕಾಯಂ ರೈಲಾದರೆ ಜನಕ್ಕೆ ರೂಢಿಯಾಗಿರುತ್ತದೆ, ಹೇಳುವವರೂ ಇರುತ್ತಾರೆ. ಒಂದೇ ಸಲ ಓಡುವ ರೈಲಿನ ಬಗ್ಗೆ ಯಾರಿಗೆ ಗೊತ್ತಿರುತ್ತದೆ ಹೇಳಿ. ಹಾಗೇ ಸ್ಪೆಷಲ್ ನಂಬರುಗಳನ್ನು ಮುಂದಿನ ಹಬ್ಬಕ್ಕೆ ಬೇರೆ ಸಮಯಕ್ಕೋ ಬೇರೆ ದಾರಿಗೋ ಮತ್ತೆ ಬಳಸುತ್ತಾರೆ. ಗೂಗಲ್‌ನಲ್ಲಿ ಸಿಕ್ಕ ಹಳೆ ವೇಳಾಪಟ್ಟಿ ನಂಬಬೇಡಿ. ನಿಮ್ಮ ತಾರೀಖಿಗೆ, ರೈಲು ಎಲ್ಲಿದೆ ಅಂತ ತೋರಿಸುವ ರೈಲ್ವೆಯ `NTES`ನಲ್ಲಿ ಏನಿದೆಯೋ ಅದನ್ನೇ ನೋಡಿ, ಇಲ್ಲ 139ಕ್ಕೆ ಫೋನ್ ಮಾಡಿ.

ಈಗ ತತ್ಕಾಲ್. ಇದು ನಿಮ್ಮ ನಿಜವಾದ ಪ್ರಶ್ನೆ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸ್ಪೆಷಲ್‌ನ ದರದ ಸೂತ್ರ ಮತ್ತು ತತ್ಕಾಲ್ ಶುಲ್ಕದ ಸೂತ್ರ ಅಣ್ಣತಮ್ಮಂದಿರು. ಅಲ್ಲೂ ಶೇ 30, ಅಲ್ಲೂ ಕನಿಷ್ಠ ಗರಿಷ್ಠ ಇದೆ. ಸ್ಲೀಪರ್ ತತ್ಕಾಲ್‌ಗೆ ಕನಿಷ್ಠ 100, ಗರಿಷ್ಠ 200. ಸ್ಪೆಷಲ್ ರೈಲು ಅಂದರೆ ಇಡೀ ರೈಲಿಗೇ ತತ್ಕಾಲ್ ದರ ಹಾಕಿದ ಹಾಗೆ ಅಂತ ನಾವು ಕೌಂಟರಿನಲ್ಲಿ ಹೇಳುತ್ತಿದ್ದೆವು. ಆದರೆ ಒಂದು ವ್ಯತ್ಯಾಸ ಇದೆ. ತತ್ಕಾಲ್ ಸ್ಲೀಪರ್‌ನ ಕನಿಷ್ಠ ದೂರ 200 ಕಿಲೋಮೀಟರ್, 500 ಅಲ್ಲ. ಅಂದರೆ ರಾಣಿ ಚೆನ್ನಮ್ಮದಲ್ಲಿ ದಾವಣಗೆರೆಗೆ ನಿಮಗೆ ತತ್ಕಾಲ್ ಸಿಕ್ಕರೆ 326 ಕಿಲೋಮೀಟರಿನ ನಿಜವಾದ ದರ, ಅದರ ಮೇಲೆ 100. ಎಲ್ಲ ಸೇರಿ 320ರ ಹತ್ತಿರ. ಸ್ಪೆಷಲ್‌ಗಿಂತ ಅರವತ್ತು ಎಪ್ಪತ್ತು ರೂಪಾಯಿ ಕಡಿಮೆಯೇ ಆಯಿತು!

ಹಾಗಾದರೆ ತತ್ಕಾಲ್‌ಗೆ ಕಾಯಿರಿ ಅಂತೀರಾ ಅಂದರೆ, ಇಲ್ಲ. ಸಿಕ್ಕರೆ ಅನ್ನುವ ಮಾತು ಬಂತಲ್ಲ, ಅಲ್ಲೇ ಇರುವುದು. ತತ್ಕಾಲ್ ತೆರೆಯುವುದು ರೈಲು ಹೊರಡುವ ಹಿಂದಿನ ದಿನ, ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ದೀಪಾವಳಿ ವಾರದಲ್ಲಿ ಆ ಬರ್ತ್‌ಗಳು ಒಂದೆರಡು ನಿಮಿಷಕ್ಕೆ ಮುಗಿದುಹೋಗುತ್ತವೆ. 2025ರ ಜುಲೈನಿಂದ ಆಧಾರ್ ದೃಢೀಕರಣ ಇಲ್ಲದ ಖಾತೆಯಿಂದ ಆನ್‌ಲೈನ್ ತತ್ಕಾಲ್ ತೆಗೆಯಲು ಬರುವುದೇ ಇಲ್ಲ, ಅದನ್ನು ಇನ್ನೂ ಮಾಡಿಲ್ಲ ಅಂದರೆ ಇವತ್ತೇ ಮಾಡಿಬಿಡಿ, ಬೇರೆ ಬುಕಿಂಗ್‌ಗೂ ಬೇಕಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯ: ಕನ್‌ಫರ್ಮ್ ಆದ ತತ್ಕಾಲ್ ಟಿಕೆಟನ್ನು ನೀವಾಗಿ ರದ್ದು ಮಾಡಿದರೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಸ್ಪೆಷಲ್‌ನ ಟಿಕೆಟ್‌ಗೆ ಹಾಗಿಲ್ಲ. ದರ ಮಾತ್ರ ವಿಶೇಷ, ರದ್ದತಿ ನಿಯಮ ಮಾಮೂಲಿ ಟಿಕೆಟ್‌ನದ್ದೇ. ಸಾಕಷ್ಟು ಮುಂಚೆ ರದ್ದು ಮಾಡಿದರೆ ದರ್ಜೆಗೆ ಇಷ್ಟು ಅಂತ ಒಂದು ಮೊತ್ತ ಹಿಡಿದು ಮಿಕ್ಕಿದ್ದು ವಾಪಸ್. ಅರವತ್ತು ರೂಪಾಯಿ ಉಳಿಸಲು ಹೋಗಿ ಹಿಂದಿನ ದಿನದವರೆಗೆ ಜೀವ ಕೈಯಲ್ಲಿ ಹಿಡಿದುಕೊಳ್ಳುವುದಕ್ಕಿಂತ ಈಗ ಸ್ಪೆಷಲ್‌ನಲ್ಲಿ ಒಂದು ಬರ್ತ್ ಹಿಡಿದಿಟ್ಟುಕೊಳ್ಳಿ.

ಆ ಸ್ಪೆಷಲ್‌ನಲ್ಲೇ ಕೊನೆಗೆ ತತ್ಕಾಲ್ ತೆಗೆಯೋಣ ಅಂತ ಮಾತ್ರ ಲೆಕ್ಕ ಹಾಕಬೇಡಿ. ಕಾಯಂ ರೈಲಿನಲ್ಲಿ ತತ್ಕಾಲ್‌ಗೆ ಅಂತ ಬರ್ತ್‌ಗಳನ್ನು ತೆಗೆದಿಟ್ಟಿರುತ್ತಾರೆ. ಮೊದಲೇ ಹೆಚ್ಚಿನ ದರ ಹಾಕಿದ ರೈಲಿನಲ್ಲಿ ಹಾಗೆ ತೆಗೆದಿಡುತ್ತಾರೆ ಅಂತ ನಂಬಿ ಕೂರಲು ಆಗುವುದಿಲ್ಲ.

ಬುಕ್ ಮಾಡಿದ ಮೇಲೂ ರಾಣಿ ಚೆನ್ನಮ್ಮದ ವೇಟಿಂಗ್ ಟಿಕೆಟ್ ಇದ್ದರೆ ಕೂಡಲೇ ರದ್ದು ಮಾಡಬೇಡಿ. ಹಬ್ಬದಲ್ಲಿ ರೈಲ್ವೆಯವರು ಇನ್ನೊಂದು ಕೆಲಸ ಮಾಡುತ್ತಾರೆ, ಅದಕ್ಕೆ ಸ್ಪೆಷಲ್‌ನಷ್ಟು ಪ್ರಚಾರ ಸಿಗುವುದಿಲ್ಲ: ಕಾಯಂ ರೈಲಿಗೇ ಒಂದೋ ಎರಡೋ ಬೋಗಿ ಜಾಸ್ತಿ ಜೋಡಿಸುತ್ತಾರೆ. ಒಂದು ಸ್ಲೀಪರ್ ಬೋಗಿ ಸೇರಿದರೂ ಹಳೆ ಮಾದರಿಯದಾದರೆ 72 ಬರ್ತ್, ಹೊಸ ಎಲ್‌ಎಚ್‌ಬಿ ಆದರೆ 80. ವೇಟಿಂಗ್ 90 ಇದ್ದವರು ಒಂದೇ ಏಟಿಗೆ 10, 18ಕ್ಕೆ ಇಳಿದುಬಿಡುತ್ತಾರೆ. ಅದಕ್ಕೆ ಹೆಚ್ಚುವರಿ ದರವೂ ಇಲ್ಲ, ಮಾಮೂಲಿ ದರವೇ. ನಿಮ್ಮ ವೇಟಿಂಗ್ ನಂಬರ್ ಒಂದೇ ದಿನದಲ್ಲಿ ಧಡ್ ಅಂತ ಇಳಿದರೆ ಬೋಗಿ ಸೇರಿದೆ ಅಂತಲೇ ಅರ್ಥ. ಅದು ಕನ್‌ಫರ್ಮ್ ಆದ ಮೇಲೆ ಸ್ಪೆಷಲ್ ಟಿಕೆಟನ್ನು ರದ್ದು ಮಾಡಿ, ಸ್ಲೀಪರ್‌ಗೆ 120 ರೂಪಾಯಿ ಹೋಗುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತೀರಿ. ಬೇಗ ರದ್ದು ಮಾಡಿದರೆ ಮಾತ್ರ ಈ 120ರ ಲೆಕ್ಕ, ಹೊರಡುವ ಸಮಯ ಹತ್ತಿರ ಬಂದಷ್ಟೂ ಜಾಸ್ತಿ ಹಿಡಿಯುತ್ತಾರೆ.

ಹೊತ್ತಿಗೆ ಸರಿಯಾಗಿ ಅಂತ ಯಾಕೆ ಅಂದೆ ಅಂದರೆ, ಸ್ಪೆಷಲ್ ರೈಲು ತಡವಾಗುವುದು ಹೊಸ ಸುದ್ದಿಯೇನಲ್ಲ. ಕಾಯಂ ರೈಲುಗಳ ಮಧ್ಯೆ ಸಂದು ಹುಡುಕಿ ಅದನ್ನು ತೂರಿಸಿರುತ್ತಾರೆ. ಹಿಂದಿನಿಂದ ಕಾಯಂ ಎಕ್ಸ್‌ಪ್ರೆಸ್ ಬಂದರೆ ಇದನ್ನು ಪಕ್ಕದ ಲೈನಿಗೆ ಹಾಕಿ ಅದನ್ನು ಮುಂದೆ ಬಿಡುತ್ತಾರೆ. ಒಂದು ಸಲ ಸಂದು ತಪ್ಪಿತು ಅಂದರೆ ಮುಂದಿನ ಸಂದು ಸಿಗುವವರೆಗೆ ನಿಂತೇ ಇರಬೇಕು. ಇನ್ನೊಂದು ಕಾರಣ, ಆ ರೇಕ್ ಬೇರೆ ಊರಿನಿಂದ ಬಂದು ತೊಳೆದು ನೀರು ತುಂಬಿಸಿಕೊಂಡು ಹೊರಡಬೇಕಾಗಿರುತ್ತದೆ. ಅದು ಬರುವುದೇ ತಡವಾದರೆ ಹೊರಡುವುದೂ ತಡ. ಸಂಜೆ `NTES`ನಲ್ಲಿ ನಿಮ್ಮ ರೈಲಿನ ಜೊತೆಗೆ ಅದರ ಜೋಡಿ ರೈಲನ್ನೂ, ಅಂದರೆ ಅದೇ ರೇಕ್ ಎದುರು ದಿಕ್ಕಿನಿಂದ ಬರುವ ರೈಲನ್ನೂ, ನೋಡಿ. ನಿಮ್ಮದು ಸರಿಯಾದ ಸಮಯಕ್ಕೆ ಅಂತ ತೋರಿಸುತ್ತಿದ್ದರೂ ಬರಬೇಕಾದ ಜೋಡಿ ರೈಲು ಎರಡು ಗಂಟೆ ಹಿಂದೆ ಇದ್ದರೆ ನೀವು ಆರಾಮಾಗಿ ಊಟ ಮಾಡಿಕೊಂಡು ಹೊರಡಬಹುದು, ಅಂದರೂ ಕೊನೆಯ ಗಳಿಗೆಗೆ ಬೇರೆ ರೇಕ್ ಹಾಕುವುದುಂಟು, ಪೂರ್ತಿ ನಂಬಿ ಮನೆಯಲ್ಲೇ ಕೂರಬೇಡಿ.

ಹೊರಡುವುದು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹೋಗುವುದೇ ಬೇಡ ಅಂತ ತೀರ್ಮಾನ ಮಾಡಿದರೆ ಪೂರ್ತಿ ದುಡ್ಡು ವಾಪಸ್ ಸಿಗುತ್ತದೆ. ಆದರೆ ಇ-ಟಿಕೆಟ್ ಆದರೆ ರೈಲು ನಿಜವಾಗಿ ಹೊರಡುವ ಮುಂಚೆ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಿರಬೇಕು. ಬಸ್ಸು ಹತ್ತಿ ಊರು ಸೇರಿ ಮಾರನೇ ದಿನ ಹಾಕಿದರೆ ಆಗುವುದಿಲ್ಲ. ರೈಲನ್ನೇ ರದ್ದು ಮಾಡಿದರೆ ಇ-ಟಿಕೆಟ್‌ನ ಹಣ ತಾನಾಗೇ ಖಾತೆಗೆ ಬರುತ್ತದೆ, ಏನೂ ಮಾಡಬೇಕಾಗಿಲ್ಲ. ಕೌಂಟರ್ ಟಿಕೆಟ್ ಆದರೆ ನೀವೇ ಹೋಗಿ ಕೊಟ್ಟು ಬರಬೇಕು.

ಬರ್ತ್ ಎಲ್ಲೂ ಸಿಗದ ತಮ್ಮನೋ ಗೆಳೆಯನೋ ಇದ್ದರೆ ಒಂದು ಮಾತು. ಬಹಳಷ್ಟು ಸ್ಪೆಷಲ್‌ಗಳಲ್ಲಿ ಜನರಲ್ ಬೋಗಿಗಳೂ ಇರುತ್ತವೆ, ಪ್ರಕಟಣೆಯಲ್ಲಿ ಬೋಗಿಗಳ ಲೆಕ್ಕ ಕೊಟ್ಟಿರುತ್ತಾರೆ. ಜನರಲ್ ಟಿಕೆಟ್‌ನಲ್ಲಿ ರೈಲಿನ ನಂಬರ್ ಇರುವುದಿಲ್ಲ, ಯಾವ ಊರಿಗೆ, ಎಕ್ಸ್‌ಪ್ರೆಸ್ಸಾ ಸೂಪರ್‌ಫಾಸ್ಟಾ ಅನ್ನುವುದಷ್ಟೇ. ಹಾಗಾಗಿ 500 ಕಿಲೋಮೀಟರಿನ ಕೊಂಡಿ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಹಬ್ಬದ ಮುನ್ನಾ ರಾತ್ರಿ ರಾಣಿ ಚೆನ್ನಮ್ಮದ ಜನರಲ್ ಬೋಗಿಗೆ ಹತ್ತುವುದಕ್ಕಿಂತ ಸ್ಪೆಷಲ್‌ನ ಜನರಲ್ ಬೋಗಿಯಲ್ಲಿ ಕೂರಲು ಜಾಗ ಸಿಗುವ ಸಾಧ್ಯತೆ ಜಾಸ್ತಿ. ಅಂಥ ರೈಲು ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ವಾಪಸ್ ಬರುವ ಟಿಕೆಟ್ ಬಗ್ಗೆ ನೀವು ಕೇಳಿಲ್ಲ, ಆದರೆ ತೊಂದರೆ ಆಗುವುದು ಅಲ್ಲೇ. ಹೋಗುವ ಸ್ಪೆಷಲ್‌ನ ಜೋಡಿ ರೈಲು ಹೆಚ್ಚಾಗಿ ಮಾರನೇ ದಿನವೇ ಬೆಂಗಳೂರಿಗೆ ತಿರುಗುತ್ತದೆ, ಹಬ್ಬ ಇನ್ನೂ ಶುರುವಾಗಿರುವುದಿಲ್ಲ, ರೈಲು ಖಾಲಿ ಖಾಲಿ. ಒಂದು ಕಡೆಯಿಂದ ಹೀಗೆ ಖಾಲಿ ಓಡಿಸಬೇಕು ಅನ್ನುವುದೂ ಹೆಚ್ಚಿನ ದರಕ್ಕೆ ರೈಲ್ವೆಯವರ ಒಂದು ಸಮರ್ಥನೆ. ನಿಮಗೆ ಬೇಕಾದದ್ದು ಹಬ್ಬ ಮುಗಿದ ಭಾನುವಾರದ ರಾತ್ರಿಯ ರೈಲು. ಅದಕ್ಕೆ ಬೇರೆ ಸ್ಪೆಷಲ್ ಬಿಡಬಹುದು, ಅದರ ನಂಬರ್, ದಿನ ಬೇರೆ ಇರಬಹುದು, ಬುಕಿಂಗೂ ಬೇರೆ ದಿನ ತೆರೆಯಬಹುದು. ಇವತ್ತು ಹೋಗುವ ಟಿಕೆಟ್ ಮಾಡಿದ ಕೂಡಲೇ ದಾವಣಗೆರೆಯಿಂದ ಯಶವಂತಪುರ, ದಾವಣಗೆರೆಯಿಂದ `SMVB` ಅಂತಲೂ ಒಂದು ಸಲ ಹುಡುಕಿ ನೋಡಿ. ಭಾನುವಾರ ಇಲ್ಲದಿದ್ದರೆ ಸೋಮವಾರದ ತಾರೀಖೂ ಹಾಕಿ ನೋಡಿ, 00:15ರ ಕಥೆ ಹೇಳಿದೆನಲ್ಲ.